ಪುಣೆಯಲ್ಲಿ ಕನ್ನಡದ ಚೆಕ್ಕು: ಹನ್ನೊಂದು, ಒಂಬತ್ತು ಮತ್ತು ಏಕೋಣಸಾಠ

ಪುಣೆಯಲ್ಲಿದ್ದುಕೊಂಡು ಚೆಕ್ಕಿನ ಮೊತ್ತವನ್ನು ಕನ್ನಡದಲ್ಲಿ ಬರೆಯಬಹುದೇ, ಬರೆಯುವುದಾದರೆ ಹನ್ನೊಂದು, ಒಂಬತ್ತು ಮುಂತಾದ ಸಂಖ್ಯೆಗಳ ಕಾಗುಣಿತ ಹೇಗಿರಬೇಕು ಎಂದು ನೀವು ಮೈಸೂರಿನಿಂದ ಕೇಳಿದ್ದೀರಿ. ನಾನು ಅಕ್ಕಲಕೋಟೆ ತಾಲ್ಲೂಕಿನವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂಬ ಕ್ರಮದಲ್ಲಿ ಬೆಳೆದು, ಈಗ ಬಹಳ ವರ್ಷಗಳಿಂದ ಪುಣೆಯಲ್ಲಿ ನೆಲೆಸಿದ್ದೇನೆ. ನಿಮ್ಮ ಪ್ರಶ್ನೆಯ ಎರಡೂ ಭಾಗಗಳು ನಮ್ಮ ಮನೆಯ ನಿತ್ಯದ ವ್ಯವಹಾರಕ್ಕೆ ಸೇರಿದವು.

ಮೊದಲ ಭಾಗದ ಉತ್ತರ ಚಿಕ್ಕದು. ರಿಸರ್ವ್ ಬ್ಯಾಂಕಿನ ಸೂಚನೆಯ ಪ್ರಕಾರ ಗ್ರಾಹಕರು ಚೆಕ್ಕನ್ನು ಹಿಂದಿ, ಇಂಗ್ಲಿಷ್ ಅಥವಾ ಸಂಬಂಧಪಟ್ಟ ಪ್ರಾದೇಶಿಕ ಭಾಷೆಯಲ್ಲಿ ಬರೆಯಬಹುದು. ಪುಣೆಯ ಶಾಖೆಯ ಖಾತೆಗೆ ಆ ಪ್ರಾದೇಶಿಕ ಭಾಷೆ ಮರಾಠಿ, ಕನ್ನಡವಲ್ಲ. ಆದ್ದರಿಂದ ಇಲ್ಲಿನ ಸಂಬಳದ ಖಾತೆಯ ಚೆಕ್ಕನ್ನು ನಾನು ಎಂದೂ ಕನ್ನಡದಲ್ಲಿ ಬರೆಯುವುದಿಲ್ಲ. ಆದರೆ ತಾಯಿಯ ಕಡೆಯಿಂದ ಬಂದ ಹೊಲ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿದ್ದು, ಅದರ ಹಣಕಾಸಿನ ಖಾತೆ ಅಲ್ಲಿಯ ಶಾಖೆಯಲ್ಲಿ ನನ್ನ ಮತ್ತು ತಾಯಿಯ ಜಂಟಿ ಹೆಸರಿನಲ್ಲಿದೆ. ಆ ಖಾತೆಯ ಚೆಕ್ಕುಗಳನ್ನು ನಾವು ಕನ್ನಡದಲ್ಲಿಯೇ ಬರೆಯುತ್ತೇವೆ, ಏಕೆಂದರೆ ನನ್ನ ತಾಯಿಗೆ ಓದಲು ಬರುವುದು ಕನ್ನಡವೊಂದೇ. ತನ್ನ ಹೊಲದ ಹಣ ಎಷ್ಟು ಹೋಯಿತೆಂಬುದನ್ನು ಅವರು ಬೇರೆಯವರ ಬಾಯಿಂದ ಕೇಳುವ ಬದಲು ತಾವೇ ಓದಿ ತಿಳಿಯಬೇಕೆಂಬುದು ನನ್ನ ಆಸೆ.

ಎರಡನೆಯ ಭಾಗಕ್ಕೆ ನಮ್ಮ ಒಂದು ಚೆಕ್ಕಿನ ಕಥೆಯನ್ನೇ ಹೇಳುತ್ತೇನೆ. ಹೊಲದ ಹನಿ ನೀರಾವರಿಗೆ ಬೇಕಾದ ಕೆಲವು ಸಾಮಾನುಗಳನ್ನು ಪುಣೆಯ ಅಂಗಡಿಯೊಂದರಿಂದ ತರಿಸಿದ್ದೆವು. ಬಿಲ್ಲಿನ ಮೊತ್ತ 11,959 ರೂಪಾಯಿ. ತಾರೀಖು, ಅಂಗಡಿಯ ಹೆಸರು ಮತ್ತು ಅಂಕಿಗಳನ್ನು ನಾನು ಬರೆದು, ಅಕ್ಷರದ ಸಾಲನ್ನು ತುಂಬಲು ಅಣ್ಣನ ಮಗನಿಗೆ ಕೊಟ್ಟೆ. ಅವನು ಪುಣೆಯ ಮರಾಠಿ ಶಾಲೆಯಲ್ಲಿ ಓದಿದವನು, ಕನ್ನಡದ ಅಕ್ಷರಗಳನ್ನು ಅಜ್ಜಿಯಿಂದ ಕಲಿತವನು. ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡು, ಇಲ್ಲಿನ ರೂಢಿಯಂತೆ, ನಾನು ಮೊತ್ತವನ್ನು ಮರಾಠಿಯಲ್ಲಿ ಓದಿ ಹೇಳಿದೆ: ಅಕರಾ ಹಜಾರ ನಊಶೇ ಏಕೋಣಸಾಠ. ಅವನು ಅಂದವಾಗಿ ಕನ್ನಡದಲ್ಲಿ ಬರೆದ. ನಾನು ಆ ಸಾಲನ್ನು ಮತ್ತೆ ಓದದೆ ಸಹಿ ಹಾಕಿದೆ. ಕೆಲವು ದಿನಗಳ ನಂತರ ಚೆಕ್ಕು ಹಿಂದಿರುಗಿತು. ಅಂಕಿ ಮತ್ತು ಅಕ್ಷರಗಳ ಮೊತ್ತ ಬೇರೆಬೇರೆ ಎಂಬುದು ಕಾರಣ. ಅಕ್ಷರದ ಸಾಲಿನಲ್ಲಿ ‘ಅರವತ್ತೊಂಬತ್ತು’ ಎಂದಿತ್ತು. ಕೇಳಿದಾಗ ಅವನು ಹೇಳಿದ್ದು ಇಷ್ಟೇ: “ಕಾಕಾ, ನೀವು ಏಕೋಣಸಾಠ ಅಂದ್ರಿ. ಸಾಠ ಅಂದ್ರ ಅರವತ್ತಲ್ಲ? ಅದಕ್ಕ ಒಂಬತ್ತು ಹಚ್ಚಿ ಬರದೆ.”

ಹೊರಗಿನವರಿಗೆ ಸುಲಭವಾಗಿ ಕಾಣದ ತೊಡಕು ಇಲ್ಲಿದೆ. ಮರಾಠಿಯಲ್ಲಿ ಏಕೋಣಸಾಠ ಎಂದರೆ ಅರವತ್ತಕ್ಕೆ ಒಂದು ಕಡಿಮೆ, ಅಂದರೆ ಐವತ್ತೊಂಬತ್ತು. ಏಕೋಣೀಸ ಹತ್ತೊಂಬತ್ತು, ಏಕೋಣತೀಸ ಇಪ್ಪತ್ತೊಂಬತ್ತು, ಏಕೋಣಪನ್ನಾಸ ನಲವತ್ತೊಂಬತ್ತು, ಹೀಗೆ ಏಕೋಣನವ್ವದ ಎಂಬ ಎಂಬತ್ತೊಂಬತ್ತರವರೆಗೂ ಅದು ಮುಂದಿನ ಹತ್ತನ್ನೇ ಹೆಸರಿಸಿ ಅದರಿಂದ ಒಂದನ್ನು ಕಳೆಯುತ್ತದೆ. ಕನ್ನಡವಾದರೋ ಹಿಂದಿನ ಹತ್ತನ್ನು ಹಿಡಿದು ಅದಕ್ಕೆ ಒಂಬತ್ತನ್ನು ಕೂಡಿಸುತ್ತದೆ. ಎರಡೂ ಭಾಷೆಗಳು ಒಂದೇ ಬಾಯಲ್ಲಿರುವ ಮನೆಗಳಲ್ಲಿ ಕಿವಿ ಮರಾಠಿಯ ‘ಸಾಠ’ವನ್ನು ಹಿಡಿದುಕೊಂಡರೆ ಕೈ ಕನ್ನಡದ ‘ಅರವತ್ತ’ನ್ನು ಬರೆದುಬಿಡುತ್ತದೆ, ಮತ್ತು ಮೊತ್ತ ಸರಿಯಾಗಿ ಹತ್ತು ರೂಪಾಯಿ ಹೆಚ್ಚಾಗುತ್ತದೆ. ಒಂಬತ್ತರಲ್ಲಿ ಕೊನೆಗೊಳ್ಳುವ ಮೊತ್ತದಲ್ಲಿ ಅಂಕಿಗೂ ಅಕ್ಷರಕ್ಕೂ ನಿಖರವಾಗಿ ಹತ್ತರ, ಇಲ್ಲವೇ ಸಾವಿರದ ಸ್ಥಾನದಲ್ಲಾದರೆ ಹತ್ತು ಸಾವಿರದ ಅಂತರ ಕಂಡರೆ, ಕಾರಣ ಬಹುಮಟ್ಟಿಗೆ ಇದೇ ಎಂದು ನಾನು ತಿಳಿಯುತ್ತೇನೆ. ನಮ್ಮ ಮನೆಯಲ್ಲಿ ಚೆಕ್ಕಿನ ಮೊತ್ತವನ್ನು ಈಗ ಯಾವ ಭಾಷೆಯಲ್ಲಿ ಬರೆಯುತ್ತೇವೆಯೋ ಆ ಭಾಷೆಯಲ್ಲಿಯೇ ಹೇಳುತ್ತೇವೆ.

ಅಂಕಿ ಮತ್ತು ಅಕ್ಷರ ಬೇರೆಯಾದಾಗ ಅಕ್ಷರದಲ್ಲಿರುವುದೇ ಮೊತ್ತ ಎಂದು 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 18ನೇ ಕಲಮು ಹೇಳುತ್ತದೆ. ಕಾನೂನಿನ ದೃಷ್ಟಿಯಿಂದ ನಮ್ಮ ಚೆಕ್ಕು 11,969 ರೂಪಾಯಿಯದಾಗಿತ್ತು. ವ್ಯವಹಾರದಲ್ಲಿ ಮಾತ್ರ ಬ್ಯಾಂಕುಗಳು ಇಂಥ ಚೆಕ್ಕನ್ನು ಹಣ ಕೊಡದೆ ಹಿಂದಿರುಗಿಸುತ್ತವೆ. ತಪ್ಪಾದ ಪದವನ್ನು ಹೊಡೆದು, ಪಕ್ಕದಲ್ಲಿ ಸಹಿ ಹಾಕಿ ಮತ್ತೆ ಕೊಡುವ ಹಳೆಯ ದಾರಿಯೂ ಈಗಿಲ್ಲ. ಚೆಕ್ಕಿನ ಚಿತ್ರವನ್ನು ಕಳುಹಿಸಿ ಹಣ ವಸೂಲು ಮಾಡುವ ವ್ಯವಸ್ಥೆಯಲ್ಲಿ, 2010ರ ಡಿಸೆಂಬರಿನಿಂದ, ತಾರೀಖನ್ನು ಬಿಟ್ಟು ಬೇರೆ ಯಾವ ತಿದ್ದುಪಡಿಯನ್ನೂ ಒಪ್ಪುವುದಿಲ್ಲ. ಆದ್ದರಿಂದ ಹೊಸ ಹಾಳೆಯಲ್ಲಿ ಹೀಗೆ ಬರೆದೆವು: ‘ಹನ್ನೊಂದು ಸಾವಿರದ ಒಂಬೈನೂರ ಐವತ್ತೊಂಬತ್ತು ರೂಪಾಯಿ ಮಾತ್ರ’.

ಈ ಸಾಲನ್ನು ಪದಪದವಾಗಿ ನೋಡಿದರೆ ನೀವು ಕೇಳಿದ ಕಾಗುಣಿತದ ಉತ್ತರ ದೊರೆಯುತ್ತದೆ. ‘ಹನ್ನೊಂದು’ ಎಂಬಲ್ಲಿ ನಕಾರಕ್ಕೆ ನಕಾರದ ಒತ್ತು ಇದೆ, ಮತ್ತು ಒಕಾರ ಹ್ರಸ್ವ. ‘ಹನ್ನೋಂದು’ ಎಂದು ದೀರ್ಘ ಮಾಡುವುದು ತಪ್ಪು. ಹಳಗನ್ನಡದಲ್ಲಿ ಇದು ‘ಪನ್ನೊಂದು’, ‘ಹನ್ನೆರಡು’ ಎಂಬುದು ‘ಪನ್ನೆರಡು’. ಪದದ ಮೊದಲಿನ ಪಕಾರ ಮುಂದೆ ಹಕಾರವಾಯಿತು. ಇದೇ ಇತಿಹಾಸವು ‘ಒಂಬತ್ತು’ ಎಂಬುದಕ್ಕೆ ಬಕಾರವೋ ಭಕಾರವೋ ಎಂಬ ಪ್ರಶ್ನೆಯನ್ನೂ ಬಿಡಿಸುತ್ತದೆ. ಹತ್ತು ಮೊದಲು ‘ಪತ್ತು’ ಆಗಿತ್ತು. ಹತ್ತಕ್ಕೆ ಒಂದು ಕಡಿಮೆ ಎಂಬ ಅರ್ಥದಲ್ಲಿ ‘ಒನ್’ ಎಂಬುದರ ಜೊತೆಗೆ ‘ಪತ್ತು’ ಸೇರಿದಾಗ ಅನುನಾಸಿಕದ ಪಕ್ಕದ ಪಕಾರ ಬಕಾರವಾಗಿ ‘ಒಂಬತ್ತು’ ಆಯಿತು. ‘ಎಂಬತ್ತು’, ‘ತೊಂಬತ್ತು’ ಎಂಬ ಪದಗಳಲ್ಲಿ ಕೂಡ ಅದೇ ಬಕಾರ ಉಳಿದಿದೆ. ಅಚ್ಚಗನ್ನಡದ ಈ ಪದಗಳಲ್ಲಿ ಮಹಾಪ್ರಾಣಕ್ಕೆ ಕಾರಣವೇ ಇಲ್ಲ. ಆದರೂ ‘ಒಂಭತ್ತು’, ‘ಎಂಭತ್ತು’ ಎಂದು ಬರೆಯುವ ರೂಢಿ ಬಹಳ ಹರಡಿದೆ. ಒಂದನ್ನು ಕಳೆದು ಎಣಿಸುವ ಮರಾಠಿಯ ಕ್ರಮಕ್ಕೆ ಹೋಲುವ ಎಣಿಕೆ ಕನ್ನಡದ ಈ ಪುಟ್ಟ ಪದದಲ್ಲಿಯೂ ಅಡಗಿದೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಆದರೆ ಚೆಕ್ಕಿನ ಮಟ್ಟಿಗೆ ‘ಒಂಭತ್ತು’ ಎಂದು ಬರೆದರೆ ಹಣ ನಿಲ್ಲುವ ಭಯವಿಲ್ಲ, ಏಕೆಂದರೆ ಆ ಅಕ್ಷರದಿಂದ ಬೇರೊಂದು ಸಂಖ್ಯೆ ಹುಟ್ಟುವುದಿಲ್ಲ. ಭಯಪಡಬೇಕಾದದ್ದು ಒಂದೇ ಅಕ್ಷರದಿಂದ ಬೇರೆ ಸಂಖ್ಯೆಯಾಗುವ ಪದಗಳಿಗೆ. ಇಪ್ಪತ್ತು ಮತ್ತು ಎಪ್ಪತ್ತು ಎಂಬವುಗಳ ನಡುವೆ ಇರುವುದು ಮೊದಲ ಸ್ವರದ ಅಂತರ ಮಾತ್ರ. ಒಂಬತ್ತು, ಎಂಬತ್ತು ಮತ್ತು ತೊಂಬತ್ತು ಎಂಬ ಮೂರೂ ಮೊದಲ ಅಕ್ಷರವೊಂದರಿಂದಲೇ ಬೇರೆಯಾಗುತ್ತವೆ. ಅವಸರದ ಕೈಬರಹದಲ್ಲಿ ‘ಹತ್ತೊಂಬತ್ತು’ ಎಂಬುದರ ಹಕಾರ ದೂರ ಸರಿದು ನಿಂತರೆ ಉಳಿದದ್ದು ತೊಂಬತ್ತರಂತೆ ಕಾಣುತ್ತದೆ. ನಾಲ್ಕುನೂರಕ್ಕೆ ‘ನಾನೂರು’ ಎಂಬ ರೂಪ ಸರಿಯಾದದ್ದೇ ಆದರೂ, ಮೊದಲ ಅಕ್ಷರ ಮಸುಕಾದರೆ ಬರಿಯ ನೂರು ಉಳಿಯುತ್ತದೆಂದು ನಾನು ‘ನಾಲ್ಕು ನೂರು’ ಎಂದೇ ಬರೆಯುತ್ತೇನೆ. ಇದೇ ಕಾರಣಕ್ಕೆ ‘ಒಂಬತ್ತು ನೂರು’ ಎಂದು ಬಿಡಿಸಿ ಬರೆದರೂ ತಪ್ಪಲ್ಲ. ನಮ್ಮ ಕಡೆಯ ಮಾತಿನಲ್ಲಿ ‘ಒಂಬತ್ತನೂರ’ ಎಂದೇ ಅನ್ನುತ್ತಾರೆ.

ಇಷ್ಟೊಂದು ಎಚ್ಚರಿಕೆ ಏಕೆಂದರೆ, ಪುಣೆಯಲ್ಲಿ ಜಮೆ ಮಾಡಿದ ಕಾಗದ ಇಂಡಿಗೆ ಹೋಗುವುದಿಲ್ಲ, ಅದರ ಚಿತ್ರ ಮಾತ್ರ ಹಣ ಕೊಡಬೇಕಾದ ಬ್ಯಾಂಕಿಗೆ ಹೋಗುತ್ತದೆ. ಮುಂಭಾಗದ ಬೂದುಬಣ್ಣದ ಚಿತ್ರದಲ್ಲಿ ಅಂಗುಲಕ್ಕೆ 100 ಚುಕ್ಕಿ, ಕಪ್ಪುಬಿಳುಪಿನದರಲ್ಲಿ 200 ಚುಕ್ಕಿ ಇರುತ್ತವೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಹನ್ನೊಂದರ ನಕಾರದ ಒತ್ತು, ಐವತ್ತೊಂಬತ್ತರ ತಕಾರದ ಒತ್ತುಗಳು ಚೆಕ್ಕಿನ ಅಚ್ಚಾದ ಗೆರೆಯ ಮೇಲೆ ಕುಳಿತರೆ ಚಿತ್ರದಲ್ಲಿ ಗೆರೆಯೊಳಗೆ ಕಲೆತುಹೋಗುತ್ತವೆ. ಅದಕ್ಕಾಗಿ ಅಕ್ಷರಗಳನ್ನು ಗೆರೆಗಿಂತ ತುಸು ಮೇಲೆ, ಕಪ್ಪು ಅಥವಾ ಕಡುನೀಲಿ ಶಾಯಿಯಲ್ಲಿ, ಒತ್ತಿಗೆ ಜಾಗ ಬಿಟ್ಟು ಬರೆಯಬೇಕು.

ಇನ್ನು ಜೋಡಣೆಯ ವಿಚಾರ. ‘ಸಾವಿರದ’ ಎಂಬಲ್ಲಿಯ ದಕಾರವೂ ‘ಒಂಬೈನೂರ’ ಎಂಬಲ್ಲಿಯ ಅಕಾರಾಂತವೂ ಮುಂದೆ ಇನ್ನೊಂದು ಸಂಖ್ಯೆ ಬರುತ್ತದೆ ಎಂದು ಸೂಚಿಸುತ್ತವೆ. ಮೊತ್ತ ಅಲ್ಲಿಗೇ ಮುಗಿದರೆ ‘ಹನ್ನೊಂದು ಸಾವಿರ ರೂಪಾಯಿ ಮಾತ್ರ’, ‘ಒಂಬೈನೂರು ರೂಪಾಯಿ ಮಾತ್ರ’ ಎಂದು ಪೂರ್ಣರೂಪವನ್ನೇ ಬರೆಯಬೇಕು. ‘ಹನ್ನೊಂದು ಸಾವಿರದ’ ಎಂದು ಬಿಟ್ಟ ಸಾಲು ಅಪೂರ್ಣವಾಗಿ ಓದಿಸುತ್ತದೆ, ಮುಂದೆ ಏನನ್ನಾದರೂ ಸೇರಿಸಲು ದಾರಿಯನ್ನೂ ತೆರೆದಿಡುತ್ತದೆ. ಸಾಲಿನ ಆರಂಭದಲ್ಲಿ ಕನ್ನಡದ ಸಂಧಿ ನಮಗೆ ಸ್ವಲ್ಪ ರಕ್ಷಣೆ ಕೊಡುತ್ತದೆ. ‘ಒಂಬತ್ತು ಸಾವಿರ’ ಎಂಬುದರ ಹಿಂದೆ ‘ಐವತ್ತು’ ಸೇರಿಸಿ ಸಹಜವಾದ ‘ಐವತ್ತೊಂಬತ್ತು’ ಮಾಡಲು ಬಾರದು, ಏಕೆಂದರೆ ಒಕಾರ ಅಲ್ಲಿ ಪೂರ್ಣಾಕ್ಷರವಾಗಿ ನಿಂತಿರುತ್ತದೆ. ಆದರೆ ‘ಮೂರು ಸಾವಿರ’, ‘ನಾಲ್ಕು ಸಾವಿರ’ ಎಂಬಂಥ ವ್ಯಂಜನದಿಂದ ಆರಂಭವಾಗುವ ಪದಗಳಿಗೆ ಆ ರಕ್ಷಣೆಯಿಲ್ಲ. ‘ಇಪ್ಪತ್ತ’ ಎಂದು ಹಿಂದೆ ಸೇರಿಸಿದರೆ ‘ಇಪ್ಪತ್ತಮೂರು’ ಸಲೀಸಾಗಿ ಆಗಿಬಿಡುತ್ತದೆ. ಅದಲ್ಲದೆ ‘ಒಂದು ಲಕ್ಷದ’ ಎಂಬುದನ್ನು ಯಾವ ಪದದ ಹಿಂದೆಯೂ ಸೇರಿಸಬಹುದು. ಹೀಗಾಗಿ ಗೆರೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿಂದಲೇ ಬರೆಯತೊಡಗಿ, ‘ಮಾತ್ರ’ ಎಂಬುದರ ನಂತರದ ಖಾಲಿ ಜಾಗಕ್ಕೆ ಗೆರೆ ಎಳೆಯುವುದು ಯಾವ ಸಂಖ್ಯೆಗೂ ತಪ್ಪಬಾರದು.

ಅಂಕಿಗಳ ಚೌಕದಲ್ಲಿ ಮಾತ್ರ ನಾನು ಕನ್ನಡದ ಅಂಕಿಗಳನ್ನು ಬಳಸುವುದಿಲ್ಲ. ಕನ್ನಡದ ಮೇಲೆ ನನಗಿರುವ ಪ್ರೀತಿ ಕಡಿಮೆಯಾದದ್ದರಿಂದಲ್ಲ. ಕೈಬರಹದಲ್ಲಿ ೧ ಸೊನ್ನೆಯನ್ನು ಹೋಲುತ್ತದೆ, ೬ ಮತ್ತು ೯ ಒಂದನ್ನೊಂದು ಹೋಲುತ್ತವೆ, ಮತ್ತು ಪುಣೆಯಲ್ಲಿ ಚೆಕ್ಕನ್ನು ಮೊದಲು ಕೈಗೆ ತೆಗೆದುಕೊಂಡು ಮೊತ್ತವನ್ನು ಕಂಪ್ಯೂಟರಿಗೆ ಹಾಕುವವರು ಕನ್ನಡ ಬಲ್ಲವರಾಗಿರಬೇಕೆಂದಿಲ್ಲ. ಅವರು 11,959 ಎಂಬುದನ್ನು ನೋಡಿ ಅದನ್ನೇ ಹಾಕುತ್ತಾರೆ. ನಮ್ಮ ಎರಡನೆಯ ಚೆಕ್ಕನ್ನು ಲಕೋಟೆಗೆ ಹಾಕುವ ಮೊದಲು ತಾಯಿ ಅಕ್ಷರದ ಸಾಲನ್ನು ಗಟ್ಟಿಯಾಗಿ ಓದಿದರು, ಅಣ್ಣನ ಮಗ ಅಂಕಿಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಹೊಂದಿಸಿದ. ಆ ಚೆಕ್ಕಿನ ಹಣ ಅಂಗಡಿಯವರಿಗೆ ಯಾವ ತಕರಾರೂ ಇಲ್ಲದೆ ಸಂದಿತು.