ಒದ್ದೆ ಗೋಡೆ ಯಾರ ಲೆಕ್ಕಕ್ಕೆ?

*ಸಂಪಾದಕರೇ, ನಾವು ಬಾಡಿಗೆಗಿರುವುದು ಎರಡನೇ ಮಹಡಿಯಲ್ಲಿ. ಬಚ್ಚಲಿಗೆ ತಾಗಿದ ಮಲಗುವ ಕೋಣೆಯ ಗೋಡೆ ಮಂಡಿಯೆತ್ತರದವರೆಗೆ ಒದ್ದೆಯಾಗಿದೆ, ಬಣ್ಣ ಉಬ್ಬಿ ಉದುರುತ್ತಿದೆ. ಫ್ಲಶ್ ಟ್ಯಾಂಕ್ ಸದಾ ಸೋರುತ್ತದೆ. ಈಗ ಜಿರಳೆ ಕಾಟ ಬೇರೆ. ಮಾಲೀಕರಿಗೆ ಫೋನ್ ಮಾಡಿದರೆ, "ನೀವು ಕಿಟಕಿ ತೆಗೆಯಲ್ಲ, ಅದಕ್ಕೇ ಹಾಗಾಗಿದೆ. ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು ಅಂತ ಕರಾರಿನಲ್ಲೇ ಇದೆಯಲ್ಲ" ಎನ್ನುತ್ತಾರೆ. ಬಾಡಿಗೆ ಕೊಡುವುದನ್ನೇ ನಿಲ್ಲಿಸೋಣ ಅನ್ನಿಸಿದೆ. ಏನು ಮಾಡಲಿ? – ಒಬ್ಬ ಓದುಗ*

ಬಾಡಿಗೆ ನಿಲ್ಲಿಸಬೇಡಿ. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬುದು ಗೊತ್ತಾಗಬೇಕು. ಅದು ಗೊತ್ತಾದರೆ ಖರ್ಚು ಯಾರದ್ದು ಎಂಬ ಜಗಳ ಮುಕ್ಕಾಲು ಭಾಗ ಮುಗಿದಂತೆ.

ಗೋಡೆ ಒದ್ದೆಯಾಗುವುದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಅಡಿಪಾಯದ ಮಣ್ಣಿನ ತೇವ ಮೇಲೇರಬಹುದು. ಅದು ಸಾಮಾನ್ಯವಾಗಿ ನೆಲದಿಂದ ಸುಮಾರು ಒಂದು ಮೀಟರ್ ಒಳಗೇ ನಿಲ್ಲುತ್ತದೆ, ಬಿಳಿ ಉಪ್ಪಿನ ಗೆರೆ ಬಿಡುತ್ತದೆ. ನೀವಿರುವುದು ಎರಡನೇ ಮಹಡಿ, ಹಾಗಾಗಿ ಇದನ್ನು ಬಿಟ್ಟುಬಿಡಿ. ಎರಡನೆಯದು ಮಾಲೀಕರು ಹೇಳುವ ಕಿಟಕಿಯ ಮಾತು. ಅಡುಗೆ, ಸ್ನಾನ, ಒಳಗೆ ಒಣಹಾಕಿದ ಬಟ್ಟೆಯ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುವುದು. ಇದು ನಿಜವಾಗಿಯೂ ಆಗುತ್ತದೆ. ಆದರೆ ಆಗುವುದು ಹೆಚ್ಚಾಗಿ ಹೊರಗಿನ ಗೋಡೆಯಲ್ಲಿ, ಮೂಲೆಗಳಲ್ಲಿ, ಬೀರುವಿನ ಹಿಂದೆ. ಗುರುತು ಕಪ್ಪು ಬೂಷ್ಟು. ನಿಮ್ಮದು ಎರಡು ಕೋಣೆಗಳ ನಡುವಿನ ಗೋಡೆ. ಅದು ಅಷ್ಟು ತಣ್ಣಗಾಗುವುದೇ ಅಪರೂಪ. ಉಳಿದದ್ದು ಮೂರನೆಯದು, ಬಚ್ಚಲಿನ ಕಡೆಯಿಂದ ಸೋರಿಕೆ.

ಇದನ್ನು ಊಹೆಯಾಗಿ ಹೇಳಿದರೆ ಮಾಲೀಕರು ಒಪ್ಪುವುದಿಲ್ಲ. ತೋರಿಸಿ. ಸುಮಾರು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒದ್ದೆ ಜಾಗಕ್ಕೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಬಣ್ಣ ಉದುರುವ ಕಡೆ ಟೇಪ್ ನಿಲ್ಲದಿದ್ದರೆ ಸಡಿಲ ಪದರವನ್ನು ಕೆರೆದು ಹಚ್ಚಿ. ಒಂದೆರಡು ದಿನ ಬಿಟ್ಟು ನೋಡಿ. ಹನಿ ಹಾಳೆಯ ಹೊರಮೈ ಮೇಲಿದ್ದರೆ ಅದು ಕೋಣೆಯ ಆವಿ. ಹಾಳೆಯ ಹಿಂದೆ, ಗೋಡೆಯ ಕಡೆ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಫೋಟೋ ತೆಗೆಯಿರಿ. ಒದ್ದೆಯ ಅಂಚಿನ ಸುತ್ತ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ. ಗೆರೆ ದಾಟಿ ಒದ್ದೆ ಹರಡಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮುಂದಿನದು, ಸೋರುತ್ತಿರುವುದು ನೀರು ಬರುವ ಪೈಪೋ, ಹೋಗುವ ಪೈಪೋ? ಫ್ಲಶ್ ಟ್ಯಾಂಕಿಗೆ ನೀರು ಕೊಡುವ ವಾಲ್ವ್ ಮುಚ್ಚಿ. ಇಲ್ಲದಿದ್ದರೆ ಅದರ ಸೋರಿಕೆಯೇ ಲೆಕ್ಕ ತಪ್ಪಿಸುತ್ತದೆ. ಎಲ್ಲಾ ನಲ್ಲಿ ಮುಚ್ಚಿ, ನಿಮ್ಮ ಮನೆಗೇ ಪ್ರತ್ಯೇಕ ಮೀಟರ್ ಇದ್ದರೆ ಅದರ ಅಂಕಿ ಬರೆದುಕೊಂಡು, ಒಂದೆರಡು ಗಂಟೆ ನೀರು ಮುಟ್ಟದೆ ಮತ್ತೆ ನೋಡಿ. ಅಂಕಿ ಏರಿದ್ದರೆ ನೀರು ಬರುವ ಪೈಪಿನಲ್ಲೇ ತೂತಿದೆ. ಏರದಿದ್ದರೆ ಅನುಮಾನ ಬಚ್ಚಲಿನ ನೆಲ, ಟೈಲ್ಸ್ ಸಂದು, ಹೊರಹೋಗುವ ಪೈಪಿನ ಮೇಲೆ. ಅದು ನೀರು ಬಳಸಿದಾಗ ಮಾತ್ರ ಸೋರುವುದರಿಂದ ಮೀಟರಿಗೆ ಗೊತ್ತಾಗುವುದಿಲ್ಲ. ಪ್ರತ್ಯೇಕ ಮೀಟರ್ ಇಲ್ಲದಿದ್ದರೆ ಪ್ಲಂಬರ್ ಪೈಪಿಗೆ ಒತ್ತಡ ಕೊಟ್ಟು, ಗೇಜ್ ಮುಳ್ಳು ಇಳಿಯುತ್ತದೆಯೇ ಎಂದು ನೋಡುತ್ತಾರೆ. ಬಚ್ಚಲಿನಲ್ಲಿ ನೀರು ಕಟ್ಟಿ ನಿಲ್ಲಿಸಿ ನೋಡುವ ಪರೀಕ್ಷೆಯೂ ಇದೆ. ಅದನ್ನು ನೀವಾಗಿಯೇ ಮಾಡಬೇಡಿ. ಕೆಳಮನೆಯ ಛಾವಣಿ ಹಾಳಾದರೆ ಹೊಸ ತಲೆನೋವು.

ಈಗ ಕರಾರು. "ಸಣ್ಣಪುಟ್ಟ ರಿಪೇರಿ" ಎಂಬ ಸಾಲಿನ ಆಸುಪಾಸು ಓದಿ. ಉದಾಹರಣೆ ಕೊಟ್ಟಿದ್ದಾರಾ? ಖರ್ಚಿನ ಮಿತಿ ಇದೆಯಾ? "ಕಟ್ಟಡದ ರಿಪೇರಿ ಮಾಲೀಕರದ್ದು" ಎಂಬ ಮಾತು ಬೇರೆಡೆ ಇದೆಯಾ? ಸಾಮಾನ್ಯ ಅರ್ಥದಲ್ಲಿ ಸಣ್ಣ ರಿಪೇರಿ ಅಂದರೆ ಬಳಕೆಯಿಂದ ಸವೆಯುವ, ಬಿಚ್ಚಿ ಬದಲಿಸಬಹುದಾದ ವಸ್ತು. ನಲ್ಲಿಯ ವಾಷರ್ ಇದ್ದ ಹಾಗೆ. ಹಾಗಾಗಿ ನಿಮ್ಮ ಫ್ಲಶ್ ಟ್ಯಾಂಕಿನ ವಿಷಯದಲ್ಲಿ ಮಾಲೀಕರ ಮಾತಿನಲ್ಲಿ ಹುರುಳಿದೆ. ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಬಣ್ಣ ಕಮೋಡಿಗೆ ಇಳಿದರೆ ಒಳಗಿನ ರಬ್ಬರ್ ಸವೆದಿದೆ. ಅದನ್ನು ನೀವೇ ಹಾಕಿಸಿಬಿಡಿ, ವಾದಕ್ಕೆ ಬಲ ಬರುತ್ತದೆ. ಗೋಡೆಯೊಳಗಿನ ಪೈಪ್, ಬಚ್ಚಲಿನ ನೆಲ ಹಾಗಲ್ಲ. ಅವನ್ನು ಮುಟ್ಟಬೇಕಾದರೆ ಒಡೆಯಬೇಕು. ಅವು ಕಟ್ಟಡದ ಭಾಗ. ಬಾಡಿಗೆದಾರರಾಗಿ ಒಡೆಯುವ ಹಕ್ಕೇ ನಿಮಗಿಲ್ಲದಿದ್ದಾಗ ಅದರ ರಿಪೇರಿ ನಿಮ್ಮದು ಹೇಗಾಗುತ್ತದೆ? ಕರಾರಿನ ಸಾಲಿಗೆ ಎರಡು ಅರ್ಥ ಬರುವಂತಿದ್ದರೆ, ಅದನ್ನು ಬರೆಸಿದವರ ವಿರುದ್ಧ ಅರ್ಥ ಮಾಡುವುದು ಕರಾರು ಕಾನೂನಿನ ಹಳೆಯ ನಿಯಮ. ಆದರೆ "ಒಳಗಿನ ಎಲ್ಲಾ ರಿಪೇರಿಯೂ, ಪೈಪ್ ಸಮೇತ, ಬಾಡಿಗೆದಾರರದ್ದು" ಎಂದು ಸ್ಪಷ್ಟವಾಗಿ ಬರೆದು ನೀವು ಸಹಿ ಹಾಕಿದ್ದರೆ ಕಷ್ಟ. ಅಂಥ ಷರತ್ತು ನಿಮ್ಮ ಕಡೆಯ ಬಾಡಿಗೆ ಕಾನೂನಿನಲ್ಲಿ ನಿಲ್ಲುತ್ತದೆಯೇ ಎಂದು ವಕೀಲರನ್ನು ಕೇಳಿ.

ಜಿರಳೆಯನ್ನು ಪ್ರತ್ಯೇಕ ದೂರು ಮಾಡಬೇಡಿ. ಅದಕ್ಕೆ ಊಟಕ್ಕಿಂತ ನೀರು ಮುಖ್ಯ. ಸೋರಿಕೆ ಇರುವವರೆಗೆ ಔಷಧಿ ಹೊಡೆಸುವುದು ದಂಡ. ಸೋರಿಕೆ ನಿಂತ ಮೇಲೆ ಜೆಲ್ ಮದ್ದು ಹಾಕಿಸಿ, ಸುಮಾರು ಒಂದು ತಿಂಗಳಿಗೆ ಇನ್ನೊಮ್ಮೆ ಹಾಕಿಸಿ. ಮೊದಲ ಸಲ ಬದುಕುಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ. ಅಡುಗೆಮನೆ ಕೊಳೆಯಾಗಿದ್ದರೆ ಹೊಣೆ ನಿಮ್ಮದು, ಸೋರಿಕೆಯಿಂದ ಬಂದಿದ್ದರೆ ಮಾಲೀಕರದ್ದು. ಬಚ್ಚಲಿನ ಪೈಪ್ ಹೋಗುವ ಜಾಗದಲ್ಲೇ ಜಾಸ್ತಿ ಕಾಣುತ್ತವೆಯಾ ನೋಡಿ.

ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ಧಾಟಿ ಹೀಗಿರಲಿ:

"ಬಚ್ಚಲಿಗೆ ತಾಗಿದ ಗೋಡೆ ಇಂಥ ದಿನಾಂಕದಿಂದ ಒದ್ದೆಯಾಗಿದೆ. ನೀರು ಗೋಡೆಯೊಳಗಿಂದ ಬರುತ್ತಿರುವುದು ಪರೀಕ್ಷೆಯಲ್ಲಿ ಕಂಡಿದೆ, ಫೋಟೋ ಲಗತ್ತಿಸಿದ್ದೇನೆ. ಫ್ಲಶ್ ಟ್ಯಾಂಕನ್ನು ನಾನೇ ಸರಿಮಾಡಿಸಿದ್ದೇನೆ. ದಯವಿಟ್ಟು 15 ದಿನದೊಳಗೆ ಪ್ಲಂಬರ್ ಕಳಿಸಿ ಸೋರಿಕೆ ನಿಲ್ಲಿಸಿ, ಗೋಡೆ ಒಣಗಿದ ಮೇಲೆ ಪ್ಲಾಸ್ಟರ್, ಬಣ್ಣ ಮತ್ತು ಜಿರಳೆ ಮದ್ದು ಮಾಡಿಸಿಕೊಡಿ. ಮುಂಚೆ ತಿಳಿಸಿದರೆ ಯಾವ ದಿನವಾದರೂ ಬಾಗಿಲು ತೆರೆದಿರುತ್ತೇನೆ."

ಕೆಲಸದ ಈ ಕ್ರಮವನ್ನು ಬಿಡಬೇಡಿ. ಮಾಲೀಕರಿಗೆ ಅಗ್ಗದ ದಾರಿ ಮೇಲೊಂದು ಕೋಟ್ ಬಣ್ಣ. ತೇವ ಒಳಗೇ ಸಿಕ್ಕಿ ಕೆಲವು ತಿಂಗಳಲ್ಲಿ ಮತ್ತೆ ಉಬ್ಬುತ್ತದೆ. ಗಾಳಿಯಾಡುವ ಕಡೆಯಲ್ಲೂ ಗೋಡೆಯ ಒಂದು ಅಂಗುಲ ದಪ್ಪ ಒಣಗಲು ಸುಮಾರು ಒಂದು ತಿಂಗಳು ಬೇಕೆಂಬುದು ಕೆಲಸಗಾರರ ಲೆಕ್ಕ. ಅಷ್ಟು ದಿನ ತಾಳ್ಮೆ ನಿಮಗೂ ಬೇಕು.

ಇನ್ನು ಬಾಡಿಗೆ. ಅದನ್ನು ನಿಲ್ಲಿಸಿದ ದಿನ ತಪ್ಪು ನಿಮ್ಮ ಕಡೆಗೆ ಬರುತ್ತದೆ. ಬಾಕಿ ಇದೆ ಎಂಬ ಕಾರಣಕ್ಕೆ ಮನೆ ಖಾಲಿ ಮಾಡಿ ಎನ್ನಲು ಅವರಿಗೆ ದಾರಿಯಾಗುತ್ತದೆ, ಒದ್ದೆ ಗೋಡೆಯ ವಿಷಯ ಹಿಂದಕ್ಕೆ ಸರಿಯುತ್ತದೆ. ನೀವೇ ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳುವುದಕ್ಕೆ ಕೆಲವು ಕಡೆ ಕಾನೂನೇ ಅವಕಾಶ ಕೊಡುತ್ತದೆ. ಅಲ್ಲೂ ಮೊದಲು ನೋಟಿಸ್ ಕೊಟ್ಟು ಸಾಕಷ್ಟು ಸಮಯ ಬಿಟ್ಟಿರಬೇಕು. ಸುರಕ್ಷಿತ ದಾರಿ ಎಂದರೆ ಎರಡು ಪ್ಲಂಬರ್‌ಗಳಿಂದ ಲಿಖಿತ ಅಂದಾಜು ತರಿಸಿ, "ಇಷ್ಟನ್ನು ಮುಂದಿನ ಬಾಡಿಗೆಯಲ್ಲಿ ಕಳೆಯಲು ಒಪ್ಪಿದ್ದೇನೆ" ಎಂದು ಮಾಲೀಕರಿಂದ ಬರೆಸಿಕೊಂಡೇ ಕೆಲಸ ಶುರುಮಾಡುವುದು.

15 ದಿನ ಕಳೆದರೂ ಉತ್ತರ ಬರದಿದ್ದರೆ ಅದೇ ಪತ್ರದ ಪ್ರತಿಯೊಂದಿಗೆ ವಕೀಲರ ನೋಟಿಸ್ ಕಳಿಸಿ. ಮನೆ ಬಿಡುವ ಹೊತ್ತಿಗೆ "ಗೋಡೆ ಹಾಳು ಮಾಡಿದ್ದೀರಿ" ಎಂದು ಅಡ್ವಾನ್ಸ್‌ನಲ್ಲಿ ಹಣ ಹಿಡಿಯಲು ಬಂದರೂ ನಿಮ್ಮ ಕೈಯಲ್ಲಿ ಇರಬೇಕಾದದ್ದು ಅದೇ ಪತ್ರ, ಅದೇ ಫೋಟೋಗಳು.

– ಸಂಪಾದಕ