22 ಪುಟದ ನೀತಿಯನ್ನು ಒಂದು ಹಾಳೆಗೆ ಇಳಿಸುವಾಗ

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಯುವ ಘಟಕ, 60 ಜನ ಇದ್ದೇವೆ. ಲೈಂಗಿಕ ಕಿರುಕುಳ ತಡೆ ನೀತಿ 22 ಪುಟ ಇದೆ, ಯಾರೂ ಓದಲ್ಲ. ಪ್ರಶ್ನೋತ್ತರದ ಹಾಳೆ ಮಾಡೋದು ಹೇಗೆ?

ನೀತಿಯನ್ನು ಮೊದಲ ಪುಟದಿಂದ ಚಿಕ್ಕದು ಮಾಡುತ್ತಾ ಹೋಗಬೇಡಿ. ಅಲ್ಲಿ ಮೊದಲು ಬರುವುದು ವ್ಯಾಖ್ಯೆಗಳು, ಹೊಲಿಗೆ ಮಷಿನ್ ಮುಂದೆ ಕೂತವರಿಗೆ ಅವು ಬೇಕಿಲ್ಲ. ಅದನ್ನು ಮುಚ್ಚಿಟ್ಟು, ಹೊಲಿಯುವವರು, ಚೆಕಿಂಗ್‌ನವರು, ಹೆಲ್ಪರ್‌ಗಳು ಏನು ಕೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಎಂಟು ಪ್ರಶ್ನೆ ಸಾಕು. ಆಮೇಲೆ ಪ್ರತಿ ಪ್ರಶ್ನೆಗೆ ಉತ್ತರ ನೀತಿಯಲ್ಲಿ ಅಥವಾ ಅದು ಆಧರಿಸಿದ ಕಾಯಿದೆಯಲ್ಲಿ ಎಲ್ಲಿದೆ ಎಂದು ಹುಡುಕಿ, ಪಕ್ಕದಲ್ಲಿ ಕಲಮಿನ ಸಂಖ್ಯೆ ಹಾಕಿ. ಸಂಖ್ಯೆ ಸಿಗದ ಉತ್ತರ ನಿಮ್ಮ ಊಹೆ, ಅದನ್ನು ತೆಗೆದುಬಿಡಿ.

ಹೆಚ್ಚು ಎಡವುವುದು ಗಡುವಿನ ಹತ್ತಿರ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯ 9ನೇ ಕಲಮಿನ ಪ್ರಕಾರ ಘಟನೆಯಾದ 3 ತಿಂಗಳೊಳಗೆ ಇಂಥ ದೂರು ವಿಚಾರಿಸಲು ಘಟಕದಲ್ಲೇ ಇರುವ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು. ಕಿರುಕುಳ ಮತ್ತೆ ಮತ್ತೆ ಆಗಿದ್ದರೆ ಲೆಕ್ಕ ಕೊನೆಯ ಘಟನೆಯಿಂದ. ಬರಲಾಗದಂಥ ಪರಿಸ್ಥಿತಿ ಇತ್ತೆಂದು ಸಮಿತಿಗೆ ಮನವರಿಕೆಯಾದರೆ, ಕಾರಣ ಬರೆದಿಟ್ಟು ಇನ್ನೂ 3 ತಿಂಗಳವರೆಗೆ ಅವಕಾಶ ಕೊಡಬಹುದು. ಹಾಳೆಯಲ್ಲಿ '3 ತಿಂಗಳೊಳಗೆ ದೂರು ಕೊಡಿ' ಎಂದಷ್ಟೇ ಬರೆದರೆ ನಾಲ್ಕನೇ ತಿಂಗಳಲ್ಲಿ ಧೈರ್ಯ ಮಾಡಿದವಳು ಓದಿ ಸುಮ್ಮನಾಗುತ್ತಾಳೆ. '6 ತಿಂಗಳು' ಎಂದು ಬರೆದರೆ ಸಮಿತಿ ಕೊಡಬಹುದಾದದ್ದನ್ನು ನೀವೇ ಕೊಟ್ಟಂತಾಗುತ್ತದೆ. ಹೀಗೆ ಬರೆಯಿರಿ:

'ಎಷ್ಟು ದಿನದೊಳಗೆ ದೂರು ಕೊಡಬೇಕು? ಕೊನೆಯ ಸಲ ಆದ ದಿನದಿಂದ 3 ತಿಂಗಳೊಳಗೆ. ಅದು ದಾಟಿದ್ದರೂ ಬನ್ನಿ. ತಡವಾಗಿದ್ದು ಯಾಕೆ ಅಂತ ಹೇಳಿ, ಇನ್ನೂ 3 ತಿಂಗಳವರೆಗೆ ತಗೊಳ್ಳೋ ಅಧಿಕಾರ ಸಮಿತಿಗಿದೆ. (ಕಲಮು 9)

ನನಗೆ ಬರೆಯಕ್ಕೆ ಬರಲ್ಲ, ಏನ್ಮಾಡ್ಲಿ? ಬಾಯಲ್ಲಿ ಹೇಳಿ. ಬರೆಯಲು ಸಮಿತಿಯವರೇ ನೆರವಾಗಬೇಕು. (ಕಲಮು 9)'

ಕಾಯಿದೆಯಲ್ಲಿ 'ಕೊಡಬಹುದು' ಇದ್ದಲ್ಲಿ 'ಕೊಡುತ್ತಾರೆ' ಎನ್ನಬೇಡಿ, 'ಮಾಡತಕ್ಕದ್ದು' ಇದ್ದಲ್ಲಿ 'ಮಾಡಬಹುದು' ಎಂದು ಸಡಿಲಿಸಬೇಡಿ. ಎಷ್ಟೋ ತಪ್ಪು ಈ ಕ್ರಿಯಾಪದಗಳಲ್ಲೇ ಆಗುತ್ತದೆ.

'ಸಾಬೀತಾಗದಿದ್ರೆ ನನ್ನ ಮೇಲೇ ಕ್ರಮ ತಗೊಳ್ತಾರಾ?' ಎಂಬ ಪ್ರಶ್ನೆಯನ್ನು ಆಡಳಿತದವರು ಬಿಡಿ ಎನ್ನಬಹುದು, ಬಿಡಬೇಡಿ. ದೂರು ಕೊಡದೆ ಹಿಂದೆ ಸರಿಯುವುದು ಈ ಭಯಕ್ಕೇ. 14ನೇ ಕಲಮು ಸ್ಪಷ್ಟವಾಗಿದೆ: ಸಾಬೀತು ಮಾಡಲು ಆಗಲಿಲ್ಲ ಅಂದಮಾತ್ರಕ್ಕೆ ದೂರುದಾರಳ ಮೇಲೆ ಕ್ರಮ ಕೈಗೊಳ್ಳಬೇಕಿಲ್ಲ. ಕ್ರಮ ತೆಗೆದುಕೊಳ್ಳಬೇಕಾದರೆ ಬೇಕೆಂದೇ ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ರುಜುವಾತಾಗಬೇಕು. ಕಂಟ್ರಾಕ್ಟರ್ ಕಡೆಯಿಂದ ಬಂದವರು, ದಿನಗೂಲಿಯವರು 'ನಮಗೂ ಅನ್ವಯಿಸುತ್ತಾ' ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಒಂದೇ ಪದ: ಹೌದು.

ಕರಡು ಸಿದ್ಧವಾದ ಮೇಲೆ ನೀತಿ ಓದಿರದ ಇಬ್ಬರಿಗೆ ಓದಿ ಹೇಳಿ, 'ನಾಲ್ಕನೇ ತಿಂಗಳಲ್ಲಿ ಹೋದ್ರೆ ತಗೊಳ್ತಾರಾ?' ಎಂದು ಕೇಳಿ. 'ಇಲ್ಲ' ಎಂದರೆ ನಿಮ್ಮ ವಾಕ್ಯ ತಿದ್ದಬೇಕು. ತೆಲುಗು ಮಾತಾಡುವವರು ನಿಮ್ಮಲ್ಲಿ ಇದ್ದೇ ಇರುತ್ತಾರೆ, ಅವರಿಗೂ ಒಂದು ಪ್ರತಿ ಮಾಡಿ.

ಸಮಿತಿ ಸದಸ್ಯರ ಹೆಸರು, ಫೋನ್ ನಂಬರ್ ಮೇಲ್ಗಡೆಯೇ ಇರಲಿ. ಹಾಳೆಯನ್ನು ಮ್ಯಾನೇಜರ್ ಕ್ಯಾಬಿನ್ ಬಾಗಿಲಿಗೆ ಅಂಟಿಸಿದರೆ ನಿಂತು ಓದುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಮಹಿಳೆಯರ ವಿಶ್ರಾಂತಿ ಕೋಣೆಯ ಒಳಗೋಡೆಯೇ ಸರಿ. ಆದರೆ ಸಮಿತಿ ರಚನೆಯ ಆದೇಶವನ್ನು ಎದ್ದು ಕಾಣುವ ಕಡೆ ಹಾಕಬೇಕೆಂಬ 19ನೇ ಕಲಮಿನ ನಿಯಮ ಬೇರೆ, ಈ ಹಾಳೆ ಹಾಕಿದಿರೆಂದು ಅದು ತಪ್ಪುವುದಿಲ್ಲ.