ನಿನ್ನೆಯ ಸ್ಟಾಕ್ ಲಿಸ್ಟ್‌ಗೂ ಇವತ್ತಿನದಕ್ಕೂ ಮಾರಾಟ ಕಳೆದರೂ ತಾಳೆ ಆಗ್ತಿಲ್ಲ. ಅಂಗಡಿ ಹುಡುಗರ ಕಳ್ಳತನ ಹೀಗೆ ಹಿಡಿಯಬಹುದಾ?

ಆಗಲ್ಲ. ಕಪಾಟಿನಿಂದ ಸಾಮಾನು ಹೋದ ಮಾತ್ರಕ್ಕೆ ಕಂಪ್ಯೂಟರಿನ ಸ್ಟಾಕ್ ಇಳಿಯುವುದಿಲ್ಲ. ಯಾರಾದರೂ ಎಂಟ್ರಿ ಹಾಕಿದರೆ ಮಾತ್ರ ಇಳಿಯುತ್ತದೆ. ಕಳ್ಳತನ ಹಿಡಿಯಬೇಕಾದರೆ ಸಾಮಾನು ಕೈಯಿಂದ ಎಣಿಸಿ. ಎರಡು ಲಿಸ್ಟ್ ಹೋಲಿಸಿದರೆ ಸಿಗುವುದು ಎಂಟ್ರಿಗಳ ಎಡವಟ್ಟು.

ವಿಜಯಪುರದಲ್ಲಿ ನಮ್ಮ ಮಾವನ ಪೈಪ್ ಅಂಗಡಿಯ ಲೆಕ್ಕ ನನ್ನದು. 12ನೇ ತಾರೀಖು ರಾತ್ರಿ ಒಂದಿಂಚಿನ ಎಲ್ಬೋ ಕಂಪ್ಯೂಟರಿನಲ್ಲಿ 140 ಇತ್ತು. ಎಣಿಸಿದರೆ 116. ಗೋದಾಮಿನ ಹುಡುಗನನ್ನು ಕರೆದು ಕೇಳಿದೆವು. ಅವನು ಮನಸ್ಸಿಗೆ ಹಚ್ಚಿಕೊಂಡು ಕೆಲಸ ಬಿಟ್ಟ.

13ರ ರಾತ್ರಿ ಸ್ಟಾಕ್ 96. ಅವತ್ತಿನ ಮಾರಾಟ 20, ಖರೀದಿ ಇಲ್ಲ. 140ರಲ್ಲಿ 20 ಹೋದರೆ 120 ಇರಬೇಕು, ಅಲ್ವಾ? 24 ಕಡಿಮೆ. ಆದರೆ ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಯಾಕಂದ್ರೆ 12ರ ಲಿಸ್ಟನ್ನು ಅವತ್ತೇ ಫೈಲ್ ಮಾಡಿ ಇಟ್ಟುಕೊಂಡಿರಲಿಲ್ಲ. 14ಕ್ಕೆ ಸಾಫ್ಟ್‌ವೇರಿನಲ್ಲಿ ಹಳೆ ತಾರೀಖು ಹಾಕಿ ಹೊಸದಾಗಿ ತೆಗೆದೆ. ಅದು 116 ಅಂತ ತೋರಿಸಿತು. 116ರಲ್ಲಿ 20 ಹೋದರೆ 96, ಎಲ್ಲ ಸರಿ.

ಆಗಿದ್ದು ಇಷ್ಟೇ: ದ್ರಾಕ್ಷಿ ತೋಟದ ಗಿರಾಕಿಗೆ 10ರಂದೇ 24 ಎಲ್ಬೋ ಉದ್ರಿ ಕೊಟ್ಟಿದ್ದರು. ಬಿಲ್ ಹಾಕಿದ್ದು 13ಕ್ಕೆ, ತಾರೀಖು ಮಾತ್ರ 10ರದ್ದು. ಹಿಂದಿನ ತಾರೀಖಿನ ಎಂಟ್ರಿ ಬಿದ್ದರೆ ಆಮೇಲಿನ ಎಲ್ಲ ದಿನಗಳ ಸ್ಟಾಕ್ ಬದಲಾಗುತ್ತದೆ. 13ರ ಮಾರಾಟದಲ್ಲಿ ಆ ಬಿಲ್ ಬರುವುದೂ ಇಲ್ಲ. 12ರ ರಾತ್ರಿ ಎಣಿಕೆಗೆ ಅಂತ ಪ್ರಿಂಟ್ ಮಾಡಿದ್ದ ಹಾಳೆಯಲ್ಲಿ 140 ಕಂಡಾಗಲೇ ನನಗೆ ಗೊತ್ತಾಗಿದ್ದು.

ಹಾಗಾಗಿ ಅಂಗಡಿ ಮುಚ್ಚುವಾಗ ದಿನಾ ಲಿಸ್ಟ್ ತೆಗೆದು, ತಾರೀಖು ಹೆಸರಿಟ್ಟು ಸೇವ್ ಮಾಡಿ. ಮತ್ತೆ ಅದನ್ನು ಮುಟ್ಟಬೇಡಿ. ಎಕ್ಸೆಲ್‌ನಲ್ಲಿ ಇವತ್ತಿನ ಲಿಸ್ಟ್ new, ನಿನ್ನೆಯದು old, ಇವತ್ತಿನ ಖರೀದಿ buy, ಮಾರಾಟ sale ಅನ್ನೋ ಶೀಟಿನಲ್ಲಿ ಇಡಿ. ಇನ್ನೊಂದು ಶೀಟಿನಲ್ಲಿ A2ರಿಂದ ಕೆಳಕ್ಕೆ ಎರಡೂ ಲಿಸ್ಟಿನ ಕೋಡ್‌ಗಳನ್ನು ಸೇರಿಸಿ, ಡಬಲ್ ಇದ್ದದ್ದು ತೆಗೆದು, ಪಕ್ಕದಲ್ಲಿ ಇದನ್ನು ಹಾಕಿ (ಎಲ್ಲ ಶೀಟಿನಲ್ಲೂ A ಕೋಡ್, C ಸಂಖ್ಯೆ):

```
=SUMIFS(new!C:C,new!A:A,A2)
 -SUMIFS(old!C:C,old!A:A,A2)
 -SUMIFS(buy!C:C,buy!A:A,A2)
 +SUMIFS(sale!C:C,sale!A:A,A2)
```

ಸೊನ್ನೆ ಬರದ ಐಟಂ ಮಾತ್ರ ನೋಡಿ. `VLOOKUP` ಬೇಡ. ಎಷ್ಟೋ ಸಾಫ್ಟ್‌ವೇರ್‌ಗಳು ಸ್ಟಾಕ್ ಸೊನ್ನೆಯಾದ ಐಟಂ ಅನ್ನು ಲಿಸ್ಟಿನಿಂದಲೇ ಬಿಡುತ್ತವೆ. ಇವತ್ತಿನ ಲಿಸ್ಟ್ ಹಿಡಿದು ಹುಡುಕಿದರೆ, ಪೂರ್ತಿ ಖಾಲಿಯಾದ ಮಾಲೇ ತಪ್ಪಿಹೋಗುತ್ತದೆ.

ವ್ಯತ್ಯಾಸ ಬಂದ ಐಟಂಗೆ ಹಿಂದಿನ ದಿನದ ಲಿಸ್ಟನ್ನು ಮತ್ತೊಮ್ಮೆ ತೆಗೆದು, ಸೇವ್ ಮಾಡಿದ್ದರ ಪಕ್ಕ ಇಡಿ. ಎರಡೂ ಬೇರೆ ಬಂದರೆ ಹಳೆ ತಾರೀಖಿಗೆ ಯಾರೋ ಕೈ ಹಾಕಿದ್ದಾರೆ. ಒಂದೇ ಇದ್ದರೆ ಅವತ್ತಿನ ವಾಪಸ್ ಬಂದ ಮಾಲು, ಗೋದಾಮು ಬದಲಾವಣೆ, ಸ್ಟಾಕ್ ತಿದ್ದಿದ ಎಂಟ್ರಿ ನೋಡಿ. ಹುಡುಗರನ್ನು ಕರೆಯುವ ಮೊದಲು ಬಿಲ್ ಹಾಕುವವರನ್ನು ಕೇಳಿ.